ಐಸಿಯಲ್ಲಿ ಫ್ಲೋರೈಡ್ 1.24, ಎಲೆಕ್ಟ್ರೋಡ್‌ನಲ್ಲಿ 1.62: ಯಾವುದನ್ನು ನಂಬಲಿ?

ಬಾಗೇಪಲ್ಲಿ_ಲ್ಯಾಬ್

ಎಲ್ಲರಿಗೂ ನಮಸ್ಕಾರ. ಬಾಗೇಪಲ್ಲಿ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರು ಪರೀಕ್ಷೆ ಮಾಡುವ ಸಣ್ಣ ಲ್ಯಾಬ್ ನಮ್ಮದು. ಅಯಾನ್ ಕ್ರೊಮ್ಯಾಟೋಗ್ರಫಿ ಯಂತ್ರ ಬಂದು ಎಂಟು ತಿಂಗಳಾಯಿತು. ಕಾಲಮ್ ಮೆಟ್ರೋಸೆಪ್ ಎ ಸಪ್ 5, 150 ಮಿ.ಮೀ. ಎಲ್ಯುಯೆಂಟ್ 3.2 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್, 1.0 ಮಿಲಿಮೋಲಾರ್ ಸೋಡಿಯಂ ಬೈಕಾರ್ಬೊನೇಟ್. ಹರಿವು ನಿಮಿಷಕ್ಕೆ 0.7 ಎಂಎಲ್.

ಒಂದು ಬೋರ್‌ವೆಲ್ ನೀರಿನ ವಿಷಯದಲ್ಲಿ ಸಿಕ್ಕಿಕೊಂಡಿದ್ದೇನೆ. ಐಸಿಯಲ್ಲಿ ಫ್ಲೋರೈಡ್ ಲೀಟರಿಗೆ 1.24 ಮಿ.ಗ್ರಾಂ ಬರುತ್ತದೆ. ಅದೇ ಬಾಟಲಿಯ ನೀರಿಗೆ ಎಲೆಕ್ಟ್ರೋಡ್‌ನಲ್ಲಿ 1.62. ಐಎಸ್ 10500 ಪ್ರಕಾರ ಮಿತಿ 1.0, ಬೇರೆ ನೀರಿಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಅಂದರೆ ಒಂದು ಲೆಕ್ಕದಲ್ಲಿ ಈ ನೀರು ಕುಡಿಯಬಹುದು, ಇನ್ನೊಂದರಲ್ಲಿ ಕುಡಿಯಬಾರದು. ಆ ಊರಿನ ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇರುವುದನ್ನು ನಾನೇ ಕಂಡಿದ್ದೇನೆ. ಸುಮ್ನೆ ಒಂದು ಸಂಖ್ಯೆ ಬರೆದು ಕಳಿಸಲು ಮನಸ್ಸು ಬರುತ್ತಿಲ್ಲ.

ಇನ್ನೊಂದು ವಿಷಯ. ಹೋದ ವಾರ ಹೊಸ ಎಲ್ಯುಯೆಂಟ್ ಹಾಕಿದಾಗಿನಿಂದ ಪೀಕ್‌ಗಳೆಲ್ಲ ಬೇಗ ಬರುತ್ತಿವೆ. ಸಲ್ಫೇಟ್ 16.0 ನಿಮಿಷಕ್ಕೆ ಬರುತ್ತಿದ್ದದ್ದು ಈಗ 13.6ಕ್ಕೆ ಬರುತ್ತದೆ. ಎರಡಕ್ಕೂ ಸಂಬಂಧ ಇದೆಯಾ?

ಪಂಪ್_ಪ್ರಸಾದ

ಪಂಪ್ ಜಾಸ್ತಿ ತಳ್ಳುತ್ತಿರಬೇಕು. ಹತ್ತು ಎಂಎಲ್ ಫ್ಲಾಸ್ಕ್ ಇಟ್ಟು ಎಷ್ಟು ನಿಮಿಷಕ್ಕೆ ತುಂಬುತ್ತದೆ ನೋಡಿ. 14 ನಿಮಿಷ 17 ಸೆಕೆಂಡ್ ಆಗಬೇಕು. ಎಲ್ಯುಯೆಂಟ್‌ನಲ್ಲಿ ಗಾಳಿ ಇದ್ದರೂ ಹರಿವು ಏರುಪೇರಾಗುತ್ತದೆ. ಡೀಗ್ಯಾಸ್ ಮಾಡಿದ್ದೀರಾ?

ಬಾಗೇಪಲ್ಲಿ_ಲ್ಯಾಬ್

ಹರಿವು ಈಗ ನೋಡಿದೆ, 14 ನಿಮಿಷ 20 ಸೆಕೆಂಡ್. ಒತ್ತಡ ಮೊದಲಿನಷ್ಟೇ ಇದೆ. ಡೀಗ್ಯಾಸ್ ಮಾಡಿದ್ದೇವೆ.

ಹಳೇ_ಬ್ಯೂರೆಟ್

ಮೇಡಂ, ಸಲ್ಫೇಟ್ ಒಂದರ ಸಮಯ ಸಾಲದು. ಬೇರೆ ಪೀಕ್‌ಗಳು ಮೊದಲು ಎಷ್ಟಕ್ಕೆ ಬರುತ್ತಿದ್ದವು, ಈಗ ಎಷ್ಟಕ್ಕೆ? ಎಲ್ಲಕ್ಕಿಂತ ಮುಂಚೆ ಕಾಣುವ ನೀರಿನ ತಗ್ಗು ಎಲ್ಲಿದೆ? ಅದನ್ನೂ ಹೇಳಿ.

ಬಾಗೇಪಲ್ಲಿ_ಲ್ಯಾಬ್

ಸರ್, ಫ್ಲೋರೈಡ್ 3.9 ಇದ್ದದ್ದು 3.7. ಕ್ಲೋರೈಡ್ 6.0 ಇದ್ದದ್ದು 5.6. ನೈಟ್ರೇಟ್ 10.1 ಇದ್ದದ್ದು 9.2. ಸಲ್ಫೇಟ್ 16.0 ಇದ್ದದ್ದು 13.6. ತಗ್ಗು ಆಗಲೂ 2.3, ಈಗಲೂ 2.3.

ಹಳೇ_ಬ್ಯೂರೆಟ್

ಹಾಗಾದರೆ ಪಂಪ್ ಅಲ್ಲ. ಹರಿವು ಹೆಚ್ಚಿದ್ದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಮುಂದೆ ಬರಬೇಕಿತ್ತು, ತಗ್ಗು ಕೂಡ. ತಗ್ಗು ಅಲ್ಲೇ ನಿಂತಿದೆ.

ಪ್ರತಿ ಪೀಕ್‌ನ ಸಮಯದಿಂದ 2.3 ಕಳೆದು ನೋಡಿ. ಅಯಾನ್ ಕಾಲಮ್‌ಗೆ ಅಂಟಿಕೊಂಡು ನಿಂತ ಹೊತ್ತು ಅಷ್ಟೇ. ನೈಟ್ರೇಟ್ 7.8ರಿಂದ 6.9ಕ್ಕೆ ಇಳಿದಿದೆ, ಸುಮಾರು ನೂರಕ್ಕೆ 11ರಷ್ಟು. ಸಲ್ಫೇಟ್ 13.7ರಿಂದ 11.3ಕ್ಕೆ, ನೂರಕ್ಕೆ 18ರಷ್ಟು. ಎರಡು ಚಾರ್ಜ್ ಇರುವ ಸಲ್ಫೇಟ್ ಜಾಸ್ತಿ ಓಡಿದೆ, ಒಂದು ಚಾರ್ಜ್‌ನ ನೈಟ್ರೇಟ್ ಕಡಿಮೆ ಓಡಿದೆ. ಕಾರ್ಬೊನೇಟ್ ಗಟ್ಟಿಯಾದಾಗ ಆಗುವುದೇ ಹೀಗೆ. ನಿಮ್ಮ ಎಲ್ಯುಯೆಂಟ್‌ನಲ್ಲಿ ಕಾರ್ಬೊನೇಟ್ 3.2ಕ್ಕಿಂತ ಹೆಚ್ಚಿದೆ ಅಂತ ನನ್ನ ಅನಿಸಿಕೆ.

ಎಲ್ಯುಯೆಂಟ್ ಮಾಡಿದ್ದು ಹೇಗೆ? ತೂಕ ಎಷ್ಟು, ಯಾವ ಉಪ್ಪು, ಒಣಗಿಸಿದ್ದು ಹೇಗೆ, ನೀರು ಯಾವುದು, ಒಂದೂ ಬಿಡದೆ ಬರೆಯಿರಿ.

ಕಾಲಮ್_ಕಾವಲು

ನನಗೆ ಇದು ಕಾಲಮ್ ಸವೆದ ಲಕ್ಷಣ ಅನ್ನಿಸುತ್ತದೆ. ನಮ್ಮಲ್ಲಿ ಬೋರ್‌ವೆಲ್ ನೀರು ಸೋಸದೆ ಹಾಕಿ ಹೀಗೇ ಆಗಿತ್ತು. ಸಲ್ಫೇಟ್ ಬೇಗ ಬೇಗ ಬರಲು ಶುರುವಾಯಿತು. ಗಾರ್ಡ್ ಕಾಲಮ್ ಬದಲಿಸಿ, ಆಮೇಲೆ ಉಳಿದದ್ದು ನೋಡೋಣ.

ಹಳೇ_ಬ್ಯೂರೆಟ್

ಕಾವಲು ಅವರೇ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಕಾಲಮ್‌ನ ಹಿಡಿಯುವ ಶಕ್ತಿ ಕುಗ್ಗಿದರೂ ಸಲ್ಫೇಟ್ ಜಾಸ್ತಿ, ನೈಟ್ರೇಟ್ ಕಡಿಮೆ ಮುಂದೆ ಬರುತ್ತದೆ. ಬರೀ ಪೀಕ್ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಆದರೆ ಕಾಲಮ್ ಸವೆಯುವುದು ವಾರಗಟ್ಟಲೆ, ತಿಂಗಳುಗಟ್ಟಲೆ. ಇಲ್ಲಿ ಒಂದು ಬಾಟಲಿ ಬದಲಾದ ದಿನವೇ ಆಗಿದೆ. ಹೊಸ ಗಾರ್ಡ್ ತರಿಸುವ ಮುಂಚೆ ಹೊಸದಾಗಿ ಒಂದು ಲೀಟರ್ ಎಲ್ಯುಯೆಂಟ್ ಮಾಡಿ ಓಡಿಸಿದರೆ ಉತ್ತರ ಸಿಗುತ್ತದೆ, ಖರ್ಚೂ ಇಲ್ಲ.

ಬಾಗೇಪಲ್ಲಿ_ಲ್ಯಾಬ್

ಸರ್, ನೂರು ಪಟ್ಟು ಗಟ್ಟಿ ದ್ರಾವಣ ಮಾಡಿಟ್ಟುಕೊಳ್ಳುತ್ತೇವೆ. ಒಂದು ಲೀಟರಿಗೆ ನಿರ್ಜಲ ಸೋಡಿಯಂ ಕಾರ್ಬೊನೇಟ್ 33.92 ಗ್ರಾಂ, ಬೈಕಾರ್ಬೊನೇಟ್ 8.40 ಗ್ರಾಂ. ಅದರಿಂದ 20 ಎಂಎಲ್ ತೆಗೆದು ಎರಡು ಲೀಟರಿಗೆ ತುಂಬುತ್ತೇವೆ. ನೀರು 18.2 ಮೆಗಾಓಮ್. ಹೋದ ವಾರ ಹಳೇ ಗಟ್ಟಿ ದ್ರಾವಣ ಮುಗಿದಿತ್ತು, ಹೊಸದು ಮಾಡಿದೆವು. ಉಪ್ಪು ಎರಡನ್ನೂ ರಾತ್ರಿ 105 ಡಿಗ್ರಿ ಓವನ್‌ನಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ ಆರಿಸಿ ತೂಗಿದ್ದೇವೆ. ಮೊದಲಿನ ಸಲ ಒಣಗಿಸಿರಲಿಲ್ಲ. ಈ ಸಲ ಇನ್ನೂ ಚೆನ್ನಾಗಿ ಮಾಡೋಣ ಅಂತ ನಾನೇ ಹೇಳಿದ್ದೆ.

ಹಳೇ_ಬ್ಯೂರೆಟ್

ಸಿಕ್ಕಿತು. ಬೈಕಾರ್ಬೊನೇಟನ್ನು ಓವನ್‌ಗೆ ಇಡಬಾರದು.

ಕಾರ್ಬೊನೇಟ್ ಓವನ್ ತಡೆಯುತ್ತದೆ, ಅದನ್ನು ಒಣಗಿಸುವುದು ಒಳ್ಳೆಯದೇ. ಬೈಕಾರ್ಬೊನೇಟ್ ಹಾಗಲ್ಲ. ಬಿಸಿಗೆ ಅದರಿಂದ ನೀರು, ಇಂಗಾಲದ ಡೈ ಆಕ್ಸೈಡ್ ಎರಡೂ ಹೊರಟುಹೋಗಿ ಕಾರ್ಬೊನೇಟ್ ಉಳಿಯುತ್ತದೆ. ಒಂದು ರಾತ್ರಿ 105 ಡಿಗ್ರಿ ಅಂದರೆ ಬಹುಪಾಲು ಹೋಗಿರುತ್ತದೆ.

```
2 NaHCO3 → Na2CO3 + H2O + CO2
```

ಈಗ ಲೆಕ್ಕ ಹಾಕಿ. ಎಲ್ಯುಯೆಂಟ್‌ನ ಪ್ರತಿ ಲೀಟರಿಗೆ ನೀವು 84 ಮಿ.ಗ್ರಾಂ ಬೈಕಾರ್ಬೊನೇಟ್ ಅಂದುಕೊಂಡು ಹಾಕಿದ್ದು 84 ಮಿ.ಗ್ರಾಂ ಕಾರ್ಬೊನೇಟ್. 106ರಿಂದ ಭಾಗಿಸಿದರೆ 0.79 ಮಿಲಿಮೋಲ್. 3.2ಕ್ಕೆ ಕೂಡಿಸಿದರೆ 3.99. ಕಾರ್ಬೊನೇಟ್ ಕಾಲು ಪಾಲು ಹೆಚ್ಚಾಯಿತು, ಬೈಕಾರ್ಬೊನೇಟ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕಾರ್ಬೊನೇಟ್ ಇಷ್ಟು ಏರಿದರೆ ಸಲ್ಫೇಟ್ ಸುಮಾರು ನೂರಕ್ಕೆ 20, ನೈಟ್ರೇಟ್ ಸುಮಾರು 10 ಇಳಿಯಬೇಕು. ನಿಮ್ಮದು 18 ಮತ್ತು 11.

ನನ್ನ ಮಾತು ನಂಬಬೇಡಿ, ತೂಗಿ ನೋಡಿ. ಒಣಗಿಸಿದ ಪುಡಿ ಉಳಿದಿದ್ದರೆ ಒಂದು ಗ್ರಾಂ, ಡಬ್ಬಿಯ ಪುಡಿ ಒಂದು ಗ್ರಾಂ, ಎರಡನ್ನೂ ಬೇರೆ ಬೇರೆ ಬಟ್ಟಲಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಿ. ನಿಜವಾದ ಬೈಕಾರ್ಬೊನೇಟ್ ಮೂರನೇ ಒಂದಕ್ಕಿಂತ ಜಾಸ್ತಿ ತೂಕ ಕಳೆದುಕೊಳ್ಳುತ್ತದೆ.

ಟಿಡಿಎಸ್_900

ನಮ್ಮ ಮನೆ ಬೋರ್‌ವೆಲ್ ನೀರು ಪೆನ್ ಮೀಟರ್‌ನಲ್ಲಿ 900 ತೋರಿಸುತ್ತದೆ. ನಿಮ್ಮ ಲೆಕ್ಕದಲ್ಲಿ ಫ್ಲೋರೈಡ್ ಎಷ್ಟಿರಬಹುದು? ಫಿಲ್ಟರ್ ಹಾಕಿಸಿದ ಮೇಲೆ 60ಕ್ಕೆ ಇಳಿದಿದೆ.

ಬಾಗೇಪಲ್ಲಿ_ಲ್ಯಾಬ್

ಅಣ್ಣಾ, ಆ ಮೀಟರ್ ಒಟ್ಟು ಉಪ್ಪನ್ನು ಅಂದಾಜು ಮಾಡುತ್ತದೆ ಅಷ್ಟೇ. 900ರಲ್ಲಿ ಫ್ಲೋರೈಡ್ ಒಂದೂವರೆ ಇದ್ದರೂ ಮೂರು ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ಲೀಟರ್ ಹಿಡಿದು ಹತ್ತಿರದ ಲ್ಯಾಬ್‌ಗೆ ಕೊಡಿ. ಫಿಲ್ಟರ್ ಮುಂಚಿನದು ಒಂದು, ನಂತರದ್ದು ಒಂದು.

ಬಾಗೇಪಲ್ಲಿ_ಲ್ಯಾಬ್

ಹಳೇ_ಬ್ಯೂರೆಟ್ ಸರ್, ತೂಗಿದೆ. ಡಬ್ಬಿಯ ಪುಡಿ 1.000 ಗ್ರಾಂ ಇಟ್ಟದ್ದು 0.634 ಉಳಿಯಿತು. ನಾವು ಒಣಗಿಸಿದ ಪುಡಿ 1.000 ಇಟ್ಟದ್ದು 0.981. ಅಂದರೆ ಅದು ಆಗಲೇ ಕಾರ್ಬೊನೇಟ್ ಆಗಿಹೋಗಿತ್ತು. ಎರಡು ಬಟ್ಟಲೂ ನೋಡಲು ಒಂದೇ ಥರದ ಬಿಳಿ ಪುಡಿ. ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಡಬ್ಬಿಯಿಂದ ನೇರ ತೂಗಿ ಹೊಸ ಗಟ್ಟಿ ದ್ರಾವಣ ಮಾಡಿ, ಎರಡು ಗಂಟೆ ಓಡಿಸಿ ಬೇಸ್‌ಲೈನ್ ಕೂತ ಮೇಲೆ ಹಾಕಿದೆ. ಸಲ್ಫೇಟ್ 15.9ಕ್ಕೆ ಬಂತು.

ಆದರೆ ಫ್ಲೋರೈಡ್ ಈಗ 1.40. ಎಲೆಕ್ಟ್ರೋಡ್‌ನ 1.62ಕ್ಕೆ ಇನ್ನೂ ದೂರ. ಎಲ್ಯುಯೆಂಟ್ ಬದಲಿಸಿದ್ದಕ್ಕೆ ಫ್ಲೋರೈಡ್ ಸಂಖ್ಯೆ ಏಕೆ ಬದಲಾಯಿತು ಅನ್ನೋದೂ ಅರ್ಥವಾಗಲಿಲ್ಲ. ಸ್ಟ್ಯಾಂಡರ್ಡ್‌ಗಳೂ ಅದೇ ಎಲ್ಯುಯೆಂಟ್‌ನಲ್ಲಿ ತಾನೆ ಓಡುತ್ತವೆ?

ಪಂಪ್_ಪ್ರಸಾದ

ಕ್ಯಾಲಿಬ್ರೇಶನ್ ಹೇಗಿದೆ? ಆರ್ ಸ್ಕ್ವೇರ್ 0.99 ಬಂದರೆ ಸಾಕು ಅಲ್ವಾ? ಆಮೇಲೆ ಸ್ಯಾಂಪಲ್‌ನದ್ದೇ ತೊಂದರೆ.

ಹಳೇ_ಬ್ಯೂರೆಟ್

ಸಾಲದು ಪ್ರಸಾದ್. ಮೇಡಂ, ಕೆಟ್ಟ ಎಲ್ಯುಯೆಂಟ್‌ನಲ್ಲಿ ಓಡಿಸಿದ ಫ್ಲೋರೈಡ್ ಸ್ಟ್ಯಾಂಡರ್ಡ್‌ಗಳನ್ನು ಅದೇ ಗೆರೆಯ ಮೇಲೆ ಸ್ಯಾಂಪಲ್ ಥರ ಓದಿಸಿ. 0.2 ಎಷ್ಟು ತೋರಿಸುತ್ತದೆ? ಗೆರೆಯನ್ನು ಸೊನ್ನೆಯ ಮೂಲಕ ಬಲವಂತವಾಗಿ ಎಳೆಸಿದ್ದೀರಾ? ಸ್ಪೈಕ್ ಮಾಡಿ ನೋಡಿದ್ದೀರಾ?

ಬಾಗೇಪಲ್ಲಿ_ಲ್ಯಾಬ್

ಹೌದು, ಸೊನ್ನೆಯ ಮೂಲಕವೇ. ಓದಿಸಿದರೆ ಗಾಬರಿಯಾಯಿತು. 0.2 ಇದ್ದದ್ದು 0.39, 0.5 ಇದ್ದದ್ದು 0.65, 1.0 ಇದ್ದದ್ದು 1.07, 2.0 ಇದ್ದದ್ದು 1.91. ಆದರೂ ಆರ್ ಸ್ಕ್ವೇರ್ 0.99 ಅಂತಲೇ ಇದೆ.

ಸ್ಪೈಕ್ ಆಗ ಮಾಡಿದ್ದೆ. ಸ್ಯಾಂಪಲ್ 10 ಎಂಎಲ್‌ಗೆ 100 ಮಿ.ಗ್ರಾಂ ಫ್ಲೋರೈಡ್ ದ್ರಾವಣ 0.1 ಎಂಎಲ್. ಹಾಕಿದ್ದರಲ್ಲಿ ನೂರಕ್ಕೆ 84 ಮಾತ್ರ ವಾಪಸ್ ಸಿಕ್ಕಿತ್ತು. ಹೊಸ ಎಲ್ಯುಯೆಂಟ್‌ನಲ್ಲಿ ಅದೇ ಸ್ಪೈಕ್ 94.

ಹಳೇ_ಬ್ಯೂರೆಟ್

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಸ್ಟ್ಯಾಂಡರ್ಡ್ ಮಾಡುವುದು ಶುದ್ಧ ನೀರಿನಲ್ಲಿ. ಎಲ್ಯುಯೆಂಟ್‌ಗೆ ಸಪ್ರೆಸರ್ ದಾಟಿದ ಮೇಲೂ ಸ್ವಲ್ಪ ವಾಹಕತೆ ಇರುತ್ತದೆ, ಕಾರ್ಬೊನಿಕ್ ಆಮ್ಲದ್ದು. ಇಂಜೆಕ್ಟ್ ಮಾಡಿದ ಶುದ್ಧ ನೀರಿಗೆ ಅದೂ ಇಲ್ಲ. ಅದು ಡಿಟೆಕ್ಟರ್ ದಾಟುವಾಗ ಬೇಸ್‌ಲೈನ್ ಹಳ್ಳಕ್ಕೆ ಬಿದ್ದಂತೆ ಕೆಳಗಿಳಿಯುತ್ತದೆ. ಅದೇ 2.3ರ ತಗ್ಗು. ಫ್ಲೋರೈಡ್ ಆ ಹಳ್ಳದ ಪಕ್ಕದಲ್ಲೇ ಮನೆ ಮಾಡಿದೆ. ಎಲ್ಯುಯೆಂಟ್ ಗಟ್ಟಿಯಾದಾಗ ಇನ್ನೂ ಹತ್ತಿರ ಬಂತು. ಸಾಫ್ಟ್‌ವೇರ್ ಏನು ಮಾಡುತ್ತದೆ? ಹಳ್ಳದ ಒಳಗಿನಿಂದ ಬೇಸ್‌ಲೈನ್ ಎಳೆಯುತ್ತದೆ. ಹಳ್ಳದಿಂದ ಮೇಲೆ ಬರುವ ಏರನ್ನೂ ಫ್ಲೋರೈಡ್ ಲೆಕ್ಕಕ್ಕೆ ಸೇರಿಸುತ್ತದೆ. 0.2ರಂಥ ಸಣ್ಣ ಪೀಕ್ ಎರಡು ಪಟ್ಟಾಗುವುದು ಅದಕ್ಕೇ.

ನಿಮ್ಮ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ತುಂಬಾ ಇರುತ್ತದೆ, ಗಡಸು ನೀರಲ್ವಾ. ಅದು ಹಳ್ಳವನ್ನು ತಾನೇ ಬಹಳಷ್ಟು ತುಂಬಿಬಿಡುತ್ತದೆ. ಅಲ್ಲಿ ಫ್ಲೋರೈಡ್ ಪೀಕ್ ಇದ್ದಷ್ಟೇ ಕಾಣುತ್ತದೆ. ಉಬ್ಬಿದ ಸ್ಟ್ಯಾಂಡರ್ಡ್‌ಗೆ ಉಬ್ಬದ ಸ್ಯಾಂಪಲ್ ಹೋಲಿಸಿದರೆ ಉತ್ತರ ಕಡಿಮೆ ಬರದೆ ಇನ್ನೇನು? 1.24ನ್ನು 0.84ರಿಂದ ಭಾಗಿಸಿ: 1.48. 1.40ನ್ನು 0.94ರಿಂದ ಭಾಗಿಸಿ: 1.49. ಎರಡು ದಿನದ, ಎರಡು ಎಲ್ಯುಯೆಂಟ್‌ನ ಲೆಕ್ಕ ಒಂದೇ ಕಡೆ ಬಂದು ಸೇರುತ್ತಿದೆ.

ಆದರೆ ಸ್ಪೈಕ್‌ನಿಂದ ಭಾಗಿಸಿ ರಿಪೋರ್ಟ್ ಬರೆಯಬೇಡಿ. ಹಳ್ಳವನ್ನೇ ಮುಚ್ಚಿ. ನಿಮ್ಮ ನೂರು ಪಟ್ಟು ಗಟ್ಟಿ ದ್ರಾವಣ ಇದೆಯಲ್ಲ, ಅದರಲ್ಲಿ 0.1 ಎಂಎಲ್ ತೆಗೆದು 10 ಎಂಎಲ್ ಸ್ಯಾಂಪಲ್‌ಗೆ ಹಾಕಿ. ಸ್ಟ್ಯಾಂಡರ್ಡ್‌ಗೂ ಹಾಗೇ, ಬ್ಲ್ಯಾಂಕ್‌ಗೂ ಹಾಗೇ. ಆಗ ಇಂಜೆಕ್ಟ್ ಆಗುವ ನೀರಿಗೂ ಓಡುವ ಎಲ್ಯುಯೆಂಟ್‌ಗೂ ವ್ಯತ್ಯಾಸ ಉಳಿಯುವುದಿಲ್ಲ. ಎಲ್ಲಕ್ಕೂ ಅಷ್ಟೇ ಹಾಕಿದ್ದರಿಂದ ತೆಳುವಾದ ಲೆಕ್ಕವೂ ಬೇಕಿಲ್ಲ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಮರೆತರೆ ಮಾತ್ರ ಮೊದಲಿಗಿಂತ ಕೆಡುತ್ತದೆ. ಟ್ರೇಯಲ್ಲಿ ಹಾಕಿದ ವಯಲ್‌ಗೆ ಗುರುತು ಮಾಡುತ್ತಾ ಹೋಗಿ.

ಇನ್ನು, ಗೆರೆಯನ್ನು ಸೊನ್ನೆಗೆ ಕಟ್ಟಿಹಾಕುವುದು ಬಿಡಿ.

ಮಂಗಳೂರು_ಕ್ಯೂಸಿ

ಒಂದು ಮಾತು ಸೇರಿಸುತ್ತೇನೆ. ಫ್ಲೋರೈಡ್ ಸ್ಟಾಕ್ ಎಲ್ಲಿ ಇಟ್ಟಿದ್ದೀರಿ, ಹೇಗೆ ಮಾಡಿದ್ದೀರಿ? ನಾವು ಸೋಡಿಯಂ ಫ್ಲೋರೈಡ್ ಒಣಗಿಸಿ (ಇದನ್ನು 105ರಲ್ಲಿ ಒಣಗಿಸಬಹುದು) 0.2210 ಗ್ರಾಂ ತೂಗಿ 100 ಎಂಎಲ್ ಮಾಡುತ್ತೇವೆ, 1000 ಮಿ.ಗ್ರಾಂ ಆಗುತ್ತದೆ. ಪಾಲಿಪ್ರೊಪಿಲೀನ್ ಫ್ಲಾಸ್ಕ್, ಪಾಲಿಥಿನ್ ಬಾಟಲಿ. ಗಾಜಿನಲ್ಲಿ ಇಡುವುದಿಲ್ಲ, ಫ್ಲೋರೈಡ್ ಗಾಜಿನ ಜೊತೆ ಸುಮ್ಮನಿರುವುದಿಲ್ಲ.

ಅದರಿಂದ 1 ಎಂಎಲ್ ತೆಗೆದು 100ಕ್ಕೆ, ಅಂದರೆ 10 ಮಿ.ಗ್ರಾಂ. ಅದರಿಂದ 1, 2.5, 5, 10 ಎಂಎಲ್ ತೆಗೆದು 50ಕ್ಕೆ ತುಂಬಿದರೆ 0.2, 0.5, 1.0, 2.0. ನಮ್ಮಲ್ಲಿ ಮೊದಲು 1000ದಿಂದ ನೇರ 10 ಮೈಕ್ರೋಲೀಟರ್ ತೆಗೆದು 50ಕ್ಕೆ ಹಾಕುತ್ತಿದ್ದರು. ಪಿಪೆಟ್ ತುದಿಯಲ್ಲಿ ಒಂದು ಸಣ್ಣ ಹನಿ ಅಂಟಿಕೊಂಡರೆ ಮುಗಿಯಿತು, ಆ ದಿನದ ಎಲ್ಲ ಲೆಕ್ಕ ವಾಲುತ್ತಿತ್ತು.

ಮುಖ್ಯವಾದದ್ದು: ಸ್ಪೈಕ್ ಮಾಡಿದ್ದು, ಕ್ಯಾಲಿಬ್ರೇಶನ್ ಮಾಡಿದ್ದು ಒಂದೇ ಸ್ಟಾಕ್‌ನಿಂದಲಾ? ಹಾಗಿದ್ದರೆ ಸ್ಟಾಕ್‌ನ ತೂಕವೇ ತಪ್ಪಿದ್ದರೆ ಸ್ಪೈಕ್ ನೂರಕ್ಕೆ ನೂರು ಬರುತ್ತದೆ, ಉತ್ತರ ಮಾತ್ರ ತಪ್ಪು. ಬೇರೆ ಕಡೆಯಿಂದ ಬಂದ, ಪ್ರಮಾಣಪತ್ರ ಇರುವ ದ್ರಾವಣ ಒಂದನ್ನು 1.0 ಮಾಡಿ ಸ್ಯಾಂಪಲ್ ಥರ ಓಡಿಸಿ.

ಕಾಲಮ್_ಕಾವಲು

ಇದು ಒಳ್ಳೆಯ ಮಾತು. ನೈಟ್ರೇಟ್‌ಗೆ ಅಂಥ ಬಾಟಲಿ ತಂದು ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ನನ್ನ ಸ್ಟ್ಯಾಂಡರ್ಡ್‌ಗೆ ಹೋಲಿಸಿದರೆ ನಾಲ್ಕೂವರೆ ಪಟ್ಟು ಜಾಸ್ತಿ ತೋರಿಸುತ್ತಿತ್ತು. ಲೇಬಲ್‌ನಲ್ಲಿ ಬರೆದಿದ್ದ 1000 ನೈಟ್ರೇಟ್‌ನದ್ದಲ್ಲ, ಅದರೊಳಗಿನ ನೈಟ್ರೊಜನ್‌ದು. ಸರಿಯಾದ ಗುಣಕ 4.43. ನಮ್ಮ ಐಎಸ್ 10500ರ 45 ನೈಟ್ರೇಟ್ ಲೆಕ್ಕದ್ದು. ಫ್ಲೋರೈಡ್‌ಗೆ ಈ ಗೊಂದಲ ಇಲ್ಲ, ಆದರೆ ನೈಟ್ರೇಟ್ ಓಡಿಸುವಾಗ ಲೇಬಲ್ ಎರಡು ಸಲ ಓದಿ.

ಬಾಗೇಪಲ್ಲಿ_ಲ್ಯಾಬ್

ಹೇಳಿದ್ದೆಲ್ಲ ಮಾಡಿದೆ. ಎಲ್ಲ ವಯಲ್‌ಗೂ ಗಟ್ಟಿ ದ್ರಾವಣ ಹಾಕಿದೆ. ತೆರೆಯ ಮೇಲೆ ನೋಡಿದಾಗ ನಂಬಲಾಗಲಿಲ್ಲ. ಬ್ಲ್ಯಾಂಕ್‌ನಲ್ಲಿ ಅಷ್ಟು ಆಳ ಇದ್ದ ಹಳ್ಳ ಈಗ ಒಂದು ಸಣ್ಣ ಅಲೆ ಅಷ್ಟೇ. ಫ್ಲೋರೈಡ್ ಚಪ್ಪಟೆ ಗೆರೆಯ ಮೇಲೆ ನೆಟ್ಟಗೆ ನಿಂತಿದೆ. 0.2 ಸ್ಟ್ಯಾಂಡರ್ಡ್ ಓದಿಸಿದರೆ 0.21.

ಬೋರ್‌ವೆಲ್ ನೀರು 1.48. ಸ್ಪೈಕ್ ನೂರಕ್ಕೆ 98. ಬೇರೆ ಕಂಪನಿಯ ದ್ರಾವಣ 1.0 ಇರಬೇಕಾದದ್ದು 1.02.

ಎಲೆಕ್ಟ್ರೋಡ್ ಮತ್ತೆ ಮಾಡಿದೆ: 1.60. ಇನ್ನೂ 0.12 ಅಂತರ ಇದೆ.

ಮಂಗಳೂರು_ಕ್ಯೂಸಿ

ಎಲೆಕ್ಟ್ರೋಡ್‌ಗೆ ಬಫರ್ ಹಾಕುತ್ತೀರಲ್ಲ, ಅದು ಅಲ್ಯೂಮಿನಿಯಂ ಜೊತೆ ಸೇರಿಕೊಂಡ ಫ್ಲೋರೈಡನ್ನೂ ಬಿಡಿಸುತ್ತದೆ. ಐಸಿಯಲ್ಲಿ ಅದು ಪೂರ್ತಿ ಕಾಣದಿರಬಹುದು. ನನ್ನ ಮಟ್ಟಿಗೆ ಎಲೆಕ್ಟ್ರೋಡ್ ಸರಿ.

ಹಳೇ_ಬ್ಯೂರೆಟ್

ಇರಬಹುದು, ಆದರೆ ಒಪ್ಪಲು ನನಗೆ ಕಷ್ಟ. ತಿಳಿಯಾದ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಅಷ್ಟು ಅಲ್ಯೂಮಿನಿಯಂ ಕರಗಿರುವುದಿಲ್ಲ. ಆಲಂ ಹಾಕಿದ ನೀರಾಗಿದ್ದರೆ ಬೇರೆ ಮಾತು. ನನ್ನ ಅನುಮಾನ ಎಲೆಕ್ಟ್ರೋಡ್ ಕಡೆಗೇ. ಅದು ಲಾಗರಿದಮ್ ಲೆಕ್ಕದಲ್ಲಿ ಓದುತ್ತದೆ. ಒಂದು ಚಾರ್ಜ್‌ನ ಅಯಾನ್‌ಗೆ ಹತ್ತು ಪಟ್ಟು ಬದಲಾವಣೆಗೆ ಸುಮಾರು 59 ಮಿಲಿವೋಲ್ಟ್. ಒಂದೂವರೆ ಮಿಲಿವೋಲ್ಟ್ ಆಚೀಚೆಯಾದರೆ ನೂರಕ್ಕೆ ಆರು ತಪ್ಪುತ್ತದೆ. ನಿಮ್ಮ ಅಂತರ ಸುಮಾರು ಎರಡು ಮಿಲಿವೋಲ್ಟ್. ಸ್ಟ್ಯಾಂಡರ್ಡ್ ಫ್ರಿಜ್‌ನಿಂದ, ಸ್ಯಾಂಪಲ್ ಮೇಜಿನಿಂದ ಬಂದರೆ ಅಷ್ಟು ಸಾಕು. ಎರಡನ್ನೂ ಒಂದೇ ಬಕೆಟ್ ನೀರಿನಲ್ಲಿ ಒಂದು ಗಂಟೆ ನಿಲ್ಲಿಸಿ ಮತ್ತೆ ಓದಿ. ಐಸಿಗೆ ಓಡಿಸಿದ ಸ್ಟ್ಯಾಂಡರ್ಡ್‌ನಿಂದಲೇ ಎಲೆಕ್ಟ್ರೋಡನ್ನೂ ಕ್ಯಾಲಿಬ್ರೇಟ್ ಮಾಡಿ.

ಮಂಗಳೂರು_ಕ್ಯೂಸಿ

ಬಕೆಟ್ ಮಾತು ಒಪ್ಪಿದೆ. ಅಲ್ಯೂಮಿನಿಯಂ ಕೂಡ ಒಮ್ಮೆ ಅಳೆಸಿ, ಅದೂ ತೀರ್ಮಾನ ಆಗಲಿ.

ಪಂಪ್_ಪ್ರಸಾದ

1.48 ಅಂದರೆ 1.5ರ ಒಳಗೇ ಇದೆಯಲ್ಲ. ಪಾಸ್ ಅಂತ ಬರೆದುಬಿಡಬಹುದು ಅಲ್ವಾ?

ಬಾಗೇಪಲ್ಲಿ_ಲ್ಯಾಬ್

ಬರೆಯಲ್ಲ. ನಮ್ಮ ಯಂತ್ರ ಅದೇ ನೀರನ್ನು ಇವತ್ತು 1.48 ಅಂದರೆ ನಾಳೆ 1.53 ಅನ್ನಬಹುದು. 1.48 ಅನ್ನುವುದು 1.5ರ ಒಳಗಿದೆ ಅನ್ನುವಷ್ಟು ನಿಖರ ನಾವಿಲ್ಲ. ಅಲ್ಲದೆ 1.0 ದಾಟಿದ್ದು ಮಾತ್ರ ಖಂಡಿತ. ಆ ಊರಿಗೆ ಬೇರೆ ನೀರಿನ ಮೂಲ ಇದೆಯಾ ಅಂತ ಪಂಚಾಯಿತಿಯವರನ್ನು ಕೇಳಿದ್ದೇನೆ.

ಬಾಟಲಿಯೂ ಹತ್ತು ದಿನ ಹಳೆಯದು. ಗುರುವಾರ ಮತ್ತೆ ಹೋಗಿ ಪಂಪ್ ಹತ್ತು ನಿಮಿಷ ಬಿಟ್ಟು ಮೂರು ಪಾಲಿಥಿನ್ ಬಾಟಲಿ ಹಿಡಿಯುತ್ತೇನೆ. ಕೆಟ್ಟ ಎಲ್ಯುಯೆಂಟ್‌ನಲ್ಲಿ ಓಡಿಸಿದ 23 ಸ್ಯಾಂಪಲ್ ಇವೆ, ಅವುಗಳ ಫ್ಲೋರೈಡ್ ರಿಪೋರ್ಟ್ ತಡೆಹಿಡಿದಿದ್ದೇನೆ. ನೈಟ್ರೇಟ್, ಸಲ್ಫೇಟ್ ಹಾಗೇ ಕಳಿಸಬಹುದಾ ಸರ್? ಅವು ಹಳ್ಳದಿಂದ ದೂರ ಇವೆ.

ಹಳೇ_ಬ್ಯೂರೆಟ್

ಸ್ಟ್ಯಾಂಡರ್ಡ್ ಕೂಡ ಅದೇ ಎಲ್ಯುಯೆಂಟ್‌ನಲ್ಲಿ ಓಡಿದ್ದರೆ ನೈಟ್ರೇಟ್ ಬಗ್ಗೆ ನನಗೆ ಭಯವಿಲ್ಲ. ಆದರೂ ಅವುಗಳಲ್ಲಿ ಮೂರನ್ನು ಹೊಸ ಎಲ್ಯುಯೆಂಟ್‌ನಲ್ಲಿ ಮತ್ತೆ ಓಡಿಸಿ, ಹಳೇ ಸಂಖ್ಯೆ ಪಕ್ಕದಲ್ಲಿಟ್ಟು ನೋಡಿ. ಸಲ್ಫೇಟ್‌ಗೆ ಒಂದು ಅನುಮಾನ ಇದೆ. 13.6ಕ್ಕೆ ಬಂದಾಗ ಅದರ ಮುಂದೆ ಫಾಸ್ಫೇಟ್ ಎಲ್ಲಿತ್ತು, ಎರಡರ ನಡುವೆ ಗೆರೆ ಬುಡಕ್ಕೆ ಇಳಿದಿತ್ತಾ? ಆ ಚಿತ್ರ ಹಾಕಿ.

ಬಾಗೇಪಲ್ಲಿ_ಲ್ಯಾಬ್

ಸಂಜೆ ಹಾಕುತ್ತೇನೆ ಸರ್. ಬೈಕಾರ್ಬೊನೇಟ್ ಡಬ್ಬಿಯ ಮುಚ್ಚಳದ ಮೇಲೆ "ಓವನ್‌ಗೆ ಇಡಬೇಡಿ" ಅಂತ ಕೆಂಪು ಪೆನ್‌ನಲ್ಲಿ ಬರೆದಿದ್ದೇನೆ.